ಇಬ್ಬರು ಮೇಲಧಿಕಾರಿಗಳು, ಒಂದು ಮಾರ್ಚ್ 31

ನಮ್ಮ ಕಂಪನಿಯ ಆಡಳಿತ ನಕ್ಷೆಯಲ್ಲಿ ನನ್ನ ಹೆಸರಿರುವ ಚೌಕದಿಂದ ಎರಡು ಗೆರೆಗಳು ಮೇಲಕ್ಕೆ ಹೋಗುತ್ತವೆ. ಒಂದು ಗಟ್ಟಿ ಗೆರೆ, ಇನ್ನೊಂದು ಚುಕ್ಕಿ ಗೆರೆ. ಗಟ್ಟಿ ಗೆರೆ ಮುಂಬೈಯ ಮುಖ್ಯ ಕಚೇರಿಯಲ್ಲಿರುವ ಹಣಕಾಸು ಮುಖ್ಯಸ್ಥೆ, ಅಂದರೆ ಸಿಎಫ್‌ಒ ಅವರನ್ನು ಮುಟ್ಟುತ್ತದೆ. ಚುಕ್ಕಿ ಗೆರೆ ಮುಟ್ಟುವುದು ನನ್ನ ಪಕ್ಕದ ಕೋಣೆಯಲ್ಲೇ ಕೂರುವ ಪ್ಲಾಂಟ್ ಹೆಡ್ ಅವರನ್ನು. ಬೆಂಗಳೂರಿನ ಹೊರವಲಯದ ಒಂದು ಕಾರ್ಖಾನೆಯಲ್ಲಿ ನಾನು ಲೆಕ್ಕಪತ್ರ ವಿಭಾಗದ ಹೊಣೆ ಹೊತ್ತವನು. ವಾಹನ ತಯಾರಕರಿಗೆ ಬೇಕಾದ ಬಿಡಿಭಾಗಗಳನ್ನು ಮಾಡುವ ಕಾರ್ಖಾನೆ.

ನಕ್ಷೆಯನ್ನು ನಂಬುವುದಾದರೆ ಪ್ರಶ್ನೆಯೇ ಇಲ್ಲ: ಗಟ್ಟಿ ಗೆರೆಯ ಮಾತು ಮೊದಲು. ಆದರೆ ನಕ್ಷೆ ಬರೆದವರು ಕಾರ್ಖಾನೆಯಲ್ಲಿ ಕೂರುವುದಿಲ್ಲ. ನನ್ನ ರಜೆ ಅರ್ಜಿಗೆ ಹೂಂ ಅನ್ನುವವರು ಪ್ಲಾಂಟ್ ಹೆಡ್. ನಾನು ಎಷ್ಟು ಹೊತ್ತಿಗೆ ಬಂದೆ, ಎಷ್ಟು ಹೊತ್ತಿಗೆ ಹೊರಟೆ ಎಂಬುದು ಅವರ ಕಿಟಕಿಯಿಂದ ಕಾಣುತ್ತದೆ. ಮಧ್ಯಾಹ್ನ ಒಂದೇ ಮೇಜಿನಲ್ಲಿ ಊಟ. ಸಿಎಫ್‌ಒ ಮೇಡಂ ಅವರ ಮುಖ ನೋಡುವುದು ಹೆಚ್ಚಾಗಿ ಪರದೆಯ ಮೇಲೆ, ತಿಂಗಳ ಲೆಕ್ಕ ಮುಗಿಯುವ ವೇಳೆಗೆ. ಹೀಗಿರುವಾಗ ದಿನದ ಮಾತು ಯಾರದು ನಡೆಯುತ್ತದೆ ಎಂದು ಯಾರಾದರೂ ಊಹಿಸಬಹುದು. ಹಾಗಿದ್ದರೂ ಏಪ್ರಿಲ್‌ನಲ್ಲಿ ಮೌಲ್ಯಮಾಪನದ ಅಂಕ ಹಾಕುವುದು ಮೇಡಂ. ಪ್ಲಾಂಟ್ ಹೆಡ್ ‘ಅಭಿಪ್ರಾಯ’ ಮಾತ್ರ ಬರೆಯುತ್ತಾರೆ. ಆ ಅಭಿಪ್ರಾಯಕ್ಕೆ ಎಷ್ಟು ತೂಕ ಎಂಬುದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ.

ಈ ಇಬ್ಬಗೆ ತೀರಾ ಹಳೆಯದು. ಗಣಿ ಕಂಪನಿಯೊಂದನ್ನು ದಶಕಗಳ ಕಾಲ ನಡೆಸಿದ ಫ್ರಾನ್ಸಿನ ಹೆನ್ರಿ ಫಯೋಲ್, ಒಬ್ಬ ನೌಕರನಿಗೆ ಒಬ್ಬನೇ ಮೇಲಧಿಕಾರಿ ಇರಬೇಕು ಎಂದು 1916ರಲ್ಲೇ ಬರೆದ. ಅಮೆರಿಕದ ಫ್ರೆಡರಿಕ್ ಟೇಲರ್ ಇದಕ್ಕೆ ತದ್ವಿರುದ್ಧ. ಒಬ್ಬ ಕೆಲಸಗಾರನ ಮೇಲೆ ಎಂಟು ಮಂದಿ ಮೇಸ್ತ್ರಿಗಳು, ಒಬ್ಬೊಬ್ಬನಿಗೂ ಒಂದೊಂದು ವಿಷಯ ಎಂಬುದು ಅವನ ಯೋಜನೆಯಾಗಿತ್ತು. ಯಂತ್ರದ ವೇಗಕ್ಕೆ ಒಬ್ಬ, ತಪಾಸಣೆಗೆ ಒಬ್ಬ, ದುರಸ್ತಿಗೆ ಇನ್ನೊಬ್ಬ, ಹೀಗೆ. ಫಯೋಲ್ ಅದನ್ನು ಒಪ್ಪಲಿಲ್ಲ. 1960ರ ದಶಕದಲ್ಲಿ ಅಮೆರಿಕದ ವಿಮಾನ ಮತ್ತು ಬಾಹ್ಯಾಕಾಶ ಉದ್ಯಮದಲ್ಲಿ ಒಬ್ಬ ನೌಕರ ಇಬ್ಬರು ಮೇಲಧಿಕಾರಿಗಳಿಗೆ ಉತ್ತರ ಕೊಡುವ ಮ್ಯಾಟ್ರಿಕ್ಸ್ ವ್ಯವಸ್ಥೆ ಬೇರೂರಿದಾಗ ಟೇಲರನ ಎಂಟು ಮಂದಿ ಇಬ್ಬರಿಗೆ ಇಳಿದರು. ಎಂಟರಿಂದ ಎರಡಕ್ಕೆ ಇಳಿದದ್ದು ಪ್ರಗತಿಯೇ ಇರಬಹುದು. ನಡುವೆ ಸಿಕ್ಕಿಕೊಂಡವನಿಗೆ ಮಾತ್ರ ಎಂಟೂ ಒಂದೇ, ಎರಡೂ ಒಂದೇ.

ಲೆಕ್ಕಪತ್ರದವನಿಗೆ ಮಾತ್ರ ಈ ಇಬ್ಬಗೆ ಆಕಸ್ಮಿಕವಲ್ಲ, ಬೇಕೆಂದೇ ಮಾಡಿದ್ದು. ಕಾರ್ಖಾನೆಯ ಮಾರಾಟ, ಲಾಭ, ದಾಸ್ತಾನು ಇವುಗಳ ಮೇಲೆ ಪ್ಲಾಂಟ್ ಹೆಡ್ ಅವರ ಬೋನಸ್ ನಿಂತಿದೆ. ಅದೇ ಅಂಕಿಗಳನ್ನು ಬರೆಯುವವನು ಅವರ ಕೈಕೆಳಗೇ ಪೂರ್ತಿಯಾಗಿ ಇದ್ದರೆ, ಪರೀಕ್ಷೆ ಬರೆದವರೇ ಅಂಕವನ್ನೂ ಹಾಕಿಕೊಂಡಂತಾಗುತ್ತದೆ. ಅದಕ್ಕೇ ಗಟ್ಟಿ ಗೆರೆ ಕಾರ್ಖಾನೆಯ ಗೇಟು ದಾಟಿ ಹೊರಗೆ ಹೋಗುತ್ತದೆ. ಹಾಗೆಂದು ಕಾರ್ಖಾನೆಯ ಸಂಪರ್ಕವೇ ಇಲ್ಲದ ಲೆಕ್ಕಿಗ ಯಾವ ಕೆಲಸಕ್ಕೂ ಬಾರದವನು. ಯಾವ ಯಂತ್ರ ನಿಂತಿದೆ, ಯಾವ ಗ್ರಾಹಕ ತಕರಾರು ಮಾಡಿದ್ದಾನೆ ಎಂಬುದು ಗೊತ್ತಿಲ್ಲದಿದ್ದರೆ ಅವನು ಬರೆಯುವ ಅಂಕಿಗಳಿಗೆ ಅರ್ಥವಿರುವುದಿಲ್ಲ. ಅದಕ್ಕೇ ಚುಕ್ಕಿ ಗೆರೆ. ಇಬ್ಬರ ನಡುವಿನ ಎಳೆದಾಟವನ್ನು ನಾನು ಹುಟ್ಟುಹಾಕಿಲ್ಲ. ಅದನ್ನು ನಕ್ಷೆಯಲ್ಲೇ ಕೂರಿಸಲಾಗಿದೆ. ಇಷ್ಟು ಮನದಟ್ಟಾದರೆ ಅರ್ಧ ತಲೆನೋವು ಕಡಿಮೆಯಾಗುತ್ತದೆ. ಉಳಿದ ಅರ್ಧಕ್ಕೆ ಒಂದು ಮಾರ್ಚ್ 31ರ ಕಥೆ ಹೇಳುತ್ತೇನೆ.

ಅಂದು ಬೆಳಗ್ಗೆ ಪ್ಲಾಂಟ್ ಹೆಡ್ ಕರೆದು ಹೇಳಿದರು: “ಚಾಕಣದ ಗ್ರಾಹಕರ ಮಾಲು ಇವತ್ತು ಹೊರಡುತ್ತದೆ. ಎಂಬತ್ತನಾಲ್ಕು ಲಕ್ಷ. ಬಿಲ್ ಇವತ್ತಿನ ತಾರೀಖಿನಲ್ಲೇ ಆಗಬೇಕು, ಮಾರ್ಚ್ ಮಾರಾಟಕ್ಕೆ ಸೇರಬೇಕು.” ಮೇಡಂ ಅವರ ಕಚೇರಿಯಿಂದ ವಾರದ ಹಿಂದೆಯೇ ಸುತ್ತೋಲೆ ಬಂದಿತ್ತು: ಗ್ರಾಹಕರ ಗೇಟಿನವರೆಗೆ ಮಾಲು ಮುಟ್ಟಿಸುವ ಷರತ್ತಿರುವ ಕಡೆ, ಮಾರ್ಚ್ 31ರೊಳಗೆ ಮುಟ್ಟದ ಯಾವ ಬಿಲ್ಲನ್ನೂ ಈ ವರ್ಷದ ಮಾರಾಟಕ್ಕೆ ಸೇರಿಸಕೂಡದು. ಪುಣೆಯ ಪಕ್ಕದ ಚಾಕಣ ನಮ್ಮಿಂದ ಎಂಟುನೂರು ಕಿಲೋಮೀಟರಿಗೂ ಹೆಚ್ಚು ದೂರ. 31ರ ಸಂಜೆ ಹೊರಟ ಲಾರಿ ಏಪ್ರಿಲ್ 2ರ ಹೊತ್ತಿಗೆ ಮುಟ್ಟಿದರೆ ಪುಣ್ಯ.

ಒಬ್ಬರು ಸೇರಿಸು ಎನ್ನುತ್ತಾರೆ, ಇನ್ನೊಬ್ಬರು ಸೇರಿಸಬೇಡ ಎನ್ನುತ್ತಾರೆ. ಇಂಥಲ್ಲಿ ಯಾರ ಮಾತು ಮೇಲು ಎಂಬ ಪ್ರಶ್ನೆಯನ್ನು ಪಕ್ಕಕ್ಕಿಟ್ಟು, ಆದೇಶವನ್ನು ತುಂಡು ತುಂಡಾಗಿ ಬಿಡಿಸಿ ನೋಡುವುದು ನನ್ನ ರೂಢಿ. ಪ್ಲಾಂಟ್ ಹೆಡ್ ಹೇಳಿದ್ದು ಒಂದು ಮಾತಾದರೂ ಅದರಲ್ಲಿ ಮೂರು ತೀರ್ಮಾನಗಳಿದ್ದವು. ಮಾಲು ಇವತ್ತು ಹೊರಡಲಿ. ಬಿಲ್ಲಿಗೆ ಇವತ್ತಿನ ತಾರೀಖು ಬೀಳಲಿ. ಮಾರಾಟ ಮಾರ್ಚ್ ತಿಂಗಳಿಗೆ ಸೇರಲಿ.

ಮೊದಲನೆಯದು ಪೂರ್ತಿ ಅವರದೇ ತೀರ್ಮಾನ. ಯಾವ ಲಾರಿ ಎಂದು ಹೊರಡಬೇಕು ಎಂಬುದರಲ್ಲಿ ಮುಂಬೈ ಬಾಯಿ ಹಾಕುವಂತಿಲ್ಲ. ಎರಡನೆಯದು ಯಾರದೂ ಅಲ್ಲ, ಕಾನೂನಿನದು. ಸರಕು ಸಾಗಿಸಿ ಕೊಡುವ ವ್ಯವಹಾರದಲ್ಲಿ ಸರಕು ಹೊರಡುವ ವೇಳೆಗೆ ಅಥವಾ ಅದಕ್ಕೂ ಮೊದಲು ಬಿಲ್ ಆಗಿರಬೇಕು ಎಂದು ಜಿಎಸ್‌ಟಿ ಕಾನೂನು ಹೇಳುತ್ತದೆ. ಲಾರಿ 31ಕ್ಕೆ ಹೊರಡುವುದಾದರೆ ಬಿಲ್ ಏಪ್ರಿಲ್ ತಾರೀಖಿಗೆ ಮಾಡಲು ಬರುವುದೇ ಇಲ್ಲ. ತೆರಿಗೆಯೂ ಮಾರ್ಚ್ ತಿಂಗಳ ರಿಟರ್ನ್‌ನಲ್ಲೇ ಹೋಗಬೇಕು. ಮೂರನೆಯದು ಲೆಕ್ಕದ ಪುಸ್ತಕದ ಪ್ರಶ್ನೆ, ಅಂದರೆ ಸಿಎಫ್‌ಒ ಅವರದು. 2018ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇಂಡ್ ಎಎಸ್ 115 ಎಂಬ ಲೆಕ್ಕಪತ್ರ ಮಾನದಂಡದ ಪ್ರಕಾರ, ಮಾಲಿನ ಮೇಲಿನ ಹಿಡಿತ ಗ್ರಾಹಕನ ಕೈಗೆ ಹೋದಾಗ ಮಾತ್ರ ಅದು ಮಾರಾಟ. ಗೇಟಿನಲ್ಲಿ ಮುಟ್ಟಿಸುವ ಷರತ್ತಿದ್ದು, ದಾರಿಯಲ್ಲಿ ಲಾರಿ ಮಗುಚಿದರೆ ನಷ್ಟ ನಮ್ಮದೇ ಆಗುವುದಾದರೆ, ಆ ಮಾಲು ಇನ್ನೂ ನಮ್ಮದೇ.

ಹೀಗೆ ಬಿಡಿಸಿದ ಮೇಲೆ ಜಗಳವೇ ಉಳಿಯಲಿಲ್ಲ. ಬಿಲ್ 31ಕ್ಕೆ ಆಯಿತು, ತೆರಿಗೆ ಮಾರ್ಚ್ ಲೆಕ್ಕದಲ್ಲಿ ಹೋಯಿತು. ಪುಸ್ತಕದಲ್ಲಿ ಮಾತ್ರ ಎಂಬತ್ತನಾಲ್ಕು ಲಕ್ಷದ ಮಾರಾಟವನ್ನು ಹಿಂದಕ್ಕೆ ತಿರುಗಿಸಿ, ಆ ಮಾಲನ್ನು ಅದರ ತಯಾರಿ ವೆಚ್ಚವಾದ ಅರವತ್ತೊಂದು ಲಕ್ಷಕ್ಕೆ ‘ಸಾಗಣೆಯಲ್ಲಿರುವ ಸರಕು’ ಎಂದು ದಾಸ್ತಾನಿನಲ್ಲಿ ತೋರಿಸಿದೆವು. ನಡುವಿನ ಇಪ್ಪತ್ತಮೂರು ಲಕ್ಷದ ಲಾಭ ಏಪ್ರಿಲ್‌ಗೆ ಸರಿಯಿತು. ಜಿಎಸ್‌ಟಿ ವಹಿವಾಟಿಗೂ ಪುಸ್ತಕದ ವಹಿವಾಟಿಗೂ ಬಿದ್ದ ಅಂತರವನ್ನು ವರ್ಷದ ತಾಳೆಪಟ್ಟಿಯಲ್ಲಿ ವಿವರಿಸಿದರೆ ಆಯಿತು.

ಪ್ಲಾಂಟ್ ಹೆಡ್ ಅವರಿಗೆ ಇದು ಸಿಹಿಯಾಗಿತ್ತು ಎಂದು ಹೇಳಲಾರೆ. ಇಪ್ಪತ್ತಮೂರು ಲಕ್ಷ ಅವರ ವರ್ಷದಿಂದ ಜಾರಿತ್ತು. ಆದರೆ ಒಂದು ವ್ಯತ್ಯಾಸವಿತ್ತು. ‘ಮೇಡಂ ಬೇಡ ಅಂದರು’ ಎಂದು ನಾನು ಹೇಳಿರಲಿಲ್ಲ. ಹಾಗೆ ಹೇಳಿದ್ದರೆ ಅದು ಇಬ್ಬರು ದೊಡ್ಡವರ ಪ್ರತಿಷ್ಠೆಯ ವಿಷಯವಾಗುತ್ತಿತ್ತು, ನಾನು ಒಬ್ಬರ ಕಡೆಯವನಾಗುತ್ತಿದ್ದೆ. ಲಾರಿ ನಿಮ್ಮದು, ಬಿಲ್ ಕಾನೂನಿನದು, ಬ್ಯಾಲೆನ್ಸ್ ಶೀಟಿನ ಮೇಲೆ ಸಹಿ ಹಾಕುವುದು ಅವರು ಎಂದಷ್ಟೇ ಹೇಳಿದ್ದೆ. ಕಂಪನಿ ಕಾನೂನಿನ ಪ್ರಕಾರ ಹಣಕಾಸು ಪತ್ರಗಳಿಗೆ ಸಹಿ ಹಾಕುವವರಲ್ಲಿ ಸಿಎಫ್‌ಒ ಒಬ್ಬರು. ಪ್ಲಾಂಟ್ ಹೆಡ್ ಅವರ ಸಹಿಗೆ ಅಲ್ಲಿ ಜಾಗವಿಲ್ಲ. ಒಂದು ತೀರ್ಮಾನ ಕೆಟ್ಟರೆ ಯಾರ ಸಹಿಯ ಕಡೆಗೆ ಬೆರಳು ತೋರಿಸುತ್ತಾರೋ, ಆ ತೀರ್ಮಾನದಲ್ಲಿ ಅವರ ಮಾತು ಮೊದಲು. ನನಗೆ ಇದಕ್ಕಿಂತ ಗಟ್ಟಿಯಾದ ಅಳತೆಗೋಲು ಸಿಕ್ಕಿಲ್ಲ.

ಈ ಅಳತೆಗೋಲು ಯಾವಾಗಲೂ ಮುಂಬೈ ಕಡೆಗೇ ವಾಲುವುದಿಲ್ಲ. ಒಮ್ಮೆ ಖರ್ಚು ಬಿಗಿ ಹಿಡಿಯುವ ಭರದಲ್ಲಿ ಮುಖ್ಯ ಕಚೇರಿ ಎಲ್ಲ ರಿಪೇರಿ ಖರೀದಿಗಳನ್ನೂ ಮೂರು ತಿಂಗಳು ತಡೆಹಿಡಿಯಲು ಹೇಳಿತ್ತು. ಆ ಪಟ್ಟಿಯಲ್ಲಿ ಒಂದು ಪ್ರೆಸ್ ಯಂತ್ರದ ಸುರಕ್ಷಾ ಕವಚವೂ ಸೇರಿಹೋಗಿತ್ತು. ಕೆಲಸಗಾರನ ಕೈ ಅಚ್ಚಿನ ಕೆಳಗೆ ಹೋಗದಂತೆ ತಡೆಯುವ ಕವಚ ಅದು. ಪ್ಲಾಂಟ್ ಹೆಡ್ ಒಂದೇ ಮಾತಿನಲ್ಲಿ “ಆರ್ಡರ್ ಹಾಕಿ” ಎಂದರು. ಹಾಕಿಸಿದೆ, ಆಮೇಲೆ ಮುಂಬೈಗೆ ತಿಳಿಸಿದೆ. ಕಾರ್ಖಾನೆಯಲ್ಲಿ ಯಾರದಾದರೂ ಬೆರಳು ಹೋದರೆ ಇನ್‌ಸ್ಪೆಕ್ಟರ್ ಎದುರು ನಿಲ್ಲಬೇಕಾದವರು ಕಾರ್ಖಾನೆಯ ಮ್ಯಾನೇಜರ್ ಎಂದು ಹೆಸರು ಕೊಟ್ಟಿರುವ ಅವರೇ ಹೊರತು ಸಿಎಫ್‌ಒ ಅಲ್ಲ. ಮೇಡಂ ಅವರಿಗೂ ಅದರಲ್ಲಿ ತಕರಾರಿರಲಿಲ್ಲ. ಪಟ್ಟಿ ಮಾಡಿದವರು ಸಾಲುಗಳನ್ನು ಓದಿರಲಿಲ್ಲ, ಅಷ್ಟೇ.

ಮತ್ತೆ ಮಾರ್ಚ್ 31ಕ್ಕೆ ಬರುತ್ತೇನೆ, ಏಕೆಂದರೆ ಆ ದಿನ ಅಲ್ಲಿಗೇ ಮುಗಿಯಲಿಲ್ಲ. ಸಂಜೆಯ ಹೊತ್ತಿಗೆ ಮತ್ತೊಂದು ಬೇಡಿಕೆ ಬಂತು. ಹೊಸೂರಿನ ಗ್ರಾಹಕರ ಮಾಲು. ಹೊಸೂರು ಹತ್ತಿರದಲ್ಲೇ ಇದೆ, ಅಂದೇ ಹೊರಟಿದ್ದರೆ ಅಂದೇ ಮುಟ್ಟುತ್ತಿತ್ತು, ಯಾವ ತಕರಾರೂ ಇರುತ್ತಿರಲಿಲ್ಲ. ಆದರೆ ಕೊನೆಯ ತಪಾಸಣೆ ಮುಗಿದಿರಲಿಲ್ಲ. ಪೆಟ್ಟಿಗೆಗಳು ಇನ್ನೂ ಪ್ಯಾಕಿಂಗ್ ಜಾಗದಲ್ಲೇ ಇದ್ದವು. ಬಿಲ್ ಮತ್ತು ಸರಕು ಸಾಗಿಸಲು ಬೇಕಾದ ಇ-ವೇ ಬಿಲ್ ಈಗಲೇ ಮಾಡಿಟ್ಟುಬಿಡಿ, ಲಾರಿ ನಾಳೆ ಬೆಳಗ್ಗೆ ಹೊರಡಲಿ, ಮಾರಾಟ ಇವತ್ತಿನದಾಗಲಿ ಎಂಬುದು ಡಿಸ್ಪ್ಯಾಚ್ ವಿಭಾಗದಿಂದ ಬಂದ ಮಾತು. ಅದರ ಹಿಂದೆ ಯಾರ ಮಾತಿತ್ತು ಎಂದು ನಾನು ಕೇಳಲಿಲ್ಲ.

ಇಂಥ ಬೇಡಿಕೆಯನ್ನು ಇಬ್ಬರು ಮೇಲಧಿಕಾರಿಗಳ ನಡುವಿನ ಭಿನ್ನಾಭಿಪ್ರಾಯ ಎಂದು ತಿಳಿಯುವುದೇ ದೊಡ್ಡ ಮೋಸ. ಇಲ್ಲಿ ತೂಗಿ ನೋಡಲು ಏನೂ ಇಲ್ಲ. ಮಾಲು ನಮ್ಮ ಗೋಡೆಯೊಳಗಿರುವಾಗ ಅದು ಮಾರಾಟವಾಗಿದೆ ಎಂದು ಬರೆಯಲು ಸಿಎಫ್‌ಒ ಹೇಳಿದರೂ ಆಗದು, ಎಂಡಿ ಹೇಳಿದರೂ ಆಗದು. ಇದು ಸಿಕ್ಕಿಬೀಳುವುದೂ ಸುಲಭ. ವರ್ಷದ ಕೊನೆಯ ಕೆಲವು ಬಿಲ್ಲುಗಳು, ಹೊಸ ವರ್ಷದ ಮೊದಲ ಕೆಲವು ಬಿಲ್ಲುಗಳು ಇವೆರಡನ್ನೂ ಆಡಿಟರ್ ತಪ್ಪದೆ ತೆಗೆಸುತ್ತಾರೆ. ಬಿಲ್ಲಿನ ತಾರೀಖಿನ ಪಕ್ಕದಲ್ಲಿ ಲಾರಿ ರಸೀದಿಯ ತಾರೀಖು, ಗೇಟಿನ ರಿಜಿಸ್ಟರಿನಲ್ಲಿ ವಾಹನ ಹೊರಹೋದ ವೇಳೆ, ಇ-ವೇ ಬಿಲ್ಲಿಗೆ ವಾಹನದ ನಂಬರು ಸೇರಿಸಿದ ವೇಳೆ, ಗ್ರಾಹಕರು ಮಾಲು ಪಡೆದು ಹಾಕಿದ ಮೊಹರು, ಎಲ್ಲವನ್ನೂ ಸಾಲಾಗಿ ಇಟ್ಟು ನೋಡುತ್ತಾರೆ. ಬಿಲ್ಲಿನ ತಾರೀಖನ್ನು ನಾವು ಬರೆಯಬಹುದು. ಗೇಟಿನ ಸೆಕ್ಯೂರಿಟಿಯವನು ಪೆನ್ನಿನಲ್ಲಿ ಗೀಚಿದ ವೇಳೆಯನ್ನು ಬದಲಿಸಲು ಹೋದರೆ ಅದು ಇನ್ನೊಂದು ಅಪರಾಧ.

ನಾನು ಇಲ್ಲ ಎಂದೆ. ಪ್ಲಾಂಟ್ ಹೆಡ್ ಅವರ ಬಳಿಗೆ ನಾನೇ ಹೋಗಿ, ಏಕೆ ಆಗುವುದಿಲ್ಲ ಎಂದೂ ಹೇಳಿದೆ. ಇಂಥ ಮಾತನ್ನು ಮೇಲ್‌ನಲ್ಲಿ ಮೊದಲು ಬರೆಯಬಾರದು ಎಂಬುದು ನನ್ನ ಅಭಿಪ್ರಾಯ. ಬಾಗಿಲು ಮುಚ್ಚಿ ಎದುರಿಗೆ ಹೇಳಿದರೆ ಅವರಿಗೆ ಹಿಂದೆ ಸರಿಯಲು ಜಾಗವಿರುತ್ತದೆ. ಮುಂಬೈಗೆ ಪ್ರತಿ ಹಾಕಿದ ಮೇಲ್‌ನಲ್ಲಿ ಹೇಳಿದರೆ ಜಾಗವಿರುವುದಿಲ್ಲ. “ಹಾಗಾದರೆ ರಾತ್ರಿ ತಪಾಸಣೆ ಮುಗಿಸಿ ಹನ್ನೆರಡರೊಳಗೆ ಲಾರಿ ಬಿಟ್ಟರೆ?” ಎಂದು ಕೇಳಿದರು. ಹತ್ತಿರದ ಊರು, ಆದರೆ ಗ್ರಾಹಕರ ಗೇಟಿನಲ್ಲಿ ರಾತ್ರಿ ಮಾಲು ಇಳಿಸಿಕೊಳ್ಳುವವರು ಇರುವುದಿಲ್ಲ, ಆದ್ದರಿಂದ ಅದೂ ಏಪ್ರಿಲ್‌ನದೇ ಎಂದೆ. ನಕ್ಕರು, ಅಥವಾ ನಗುವಿನಂಥ ಏನೋ ಒಂದು ಮಾಡಿದರು.

ಬಿಡಿಸಲು ಬಾರದ ಪ್ರಕರಣಗಳೂ ಇವೆ. ನಿಜವಾದ ಕಷ್ಟ ಇರುವುದು ಅಲ್ಲಿಯೇ. ನಮ್ಮ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಪ್ರತಿ ಗ್ರಾಹಕನಿಗೂ ಸಾಲದ ಮಿತಿ ಇರುತ್ತದೆ. ಬಾಕಿ ಆ ಮಿತಿ ದಾಟಿದರೆ ಆರ್ಡರ್ ತಾನಾಗಿಯೇ ನಿಂತುಬಿಡುತ್ತದೆ. ಇದಕ್ಕೆ ಕ್ರೆಡಿಟ್ ಬ್ಲಾಕ್ ಎನ್ನುತ್ತೇವೆ. ಒಬ್ಬ ಗ್ರಾಹಕರ ಮಿತಿ ಎರಡು ಕೋಟಿ, ಬಾಕಿ ಅದಾಗಲೇ ಒಂದು ಕೋಟಿ ತೊಂಬತ್ತು ಲಕ್ಷ, ಹೊರಡಬೇಕಾದ ಮಾಲು ಮೂವತ್ತು ಲಕ್ಷದ್ದು. ಹಳೆಯ ಬಾಕಿ ಬರುವವರೆಗೂ ಮಾಲು ಬಿಡಬೇಡಿ ಎಂದು ಮುಂಬೈ. ನಮ್ಮ ಬಿಡಿಭಾಗ ಸೋಮವಾರ ಬೆಳಗ್ಗೆ ಮುಟ್ಟದಿದ್ದರೆ ಗ್ರಾಹಕರ ಜೋಡಣಾ ಸಾಲು ನಿಲ್ಲುತ್ತದೆ, ನಿಂತ ಗಂಟೆಗಳಿಗೆ ಲೆಕ್ಕ ಹಾಕಿ ಆ ನಷ್ಟವನ್ನು ನಮ್ಮ ಮೇಲೆ ಹಾಕುವ ಡೆಬಿಟ್ ನೋಟ್ ಕಳಿಸುತ್ತಾರೆ, ಬಿಡಲೇಬೇಕು ಎಂದು ಪ್ಲಾಂಟ್ ಹೆಡ್. ಇಬ್ಬರ ಮಾತೂ ಸರಿ. ಇಲ್ಲಿ ತುಂಡು ಮಾಡಲು ಬರುವುದಿಲ್ಲ, ಲಾರಿ ಒಂದೋ ಹೋಗುತ್ತದೆ, ಇಲ್ಲವೇ ಹೋಗುವುದಿಲ್ಲ.

ನಾನು ಮೊದಲು ತೆರೆದು ನೋಡಿದ್ದು ಅಧಿಕಾರ ಹಂಚಿಕೆಯ ಪಟ್ಟಿ. ಯಾವ ಮೊತ್ತದವರೆಗಿನ ಯಾವ ತೀರ್ಮಾನಕ್ಕೆ ಯಾರ ಒಪ್ಪಿಗೆ ಬೇಕು ಎಂದು ನಿರ್ದೇಶಕ ಮಂಡಳಿ ಒಪ್ಪಿದ ದಾಖಲೆ ಅದು. ಬಹಳಷ್ಟು ಕಂಪನಿಗಳಲ್ಲಿ ಇರುತ್ತದೆ, ಬಹಳಷ್ಟು ಜನ ತೆರೆದೇ ಇರುವುದಿಲ್ಲ. ನಮ್ಮದರಲ್ಲಿ ಮಿತಿಯ ಮೇಲೆ ಶೇಕಡಾ 5ರವರೆಗೆ ಪ್ಲಾಂಟ್ ಹೆಡ್ ಬಿಡಬಹುದು, ಅದರಾಚೆಗೆ ಸಿಎಫ್‌ಒ ಎಂದಿತ್ತು. ಎರಡು ಕೋಟಿಗೆ ಶೇಕಡಾ 5 ಎಂದರೆ ಹತ್ತು ಲಕ್ಷ. ಈ ಲಾರಿ ಹೋದರೆ ಬಾಕಿ ಎರಡು ಕೋಟಿ ಇಪ್ಪತ್ತು ಲಕ್ಷವಾಗುತ್ತದೆ. ಅಂದರೆ ಪ್ಲಾಂಟ್ ಹೆಡ್ ಅವರ ಕೈ ಮೀರಿದ ಮಾತು.

ಪಟ್ಟಿಯನ್ನು ತೋರಿಸಿ ಅಲ್ಲಿಗೇ ಕೈ ತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡುವವರನ್ನು ಕಂಡಿದ್ದೇನೆ. ಅವರು ನಿಯಮದ ಪ್ರಕಾರ ಸರಿ, ಸೋಮವಾರ ಜೋಡಣಾ ಸಾಲು ನಿಂತಾಗ ಮಾತ್ರ ಯಾರ ಕಣ್ಣಿಗೂ ಬೀಳದೆ ಓಡಾಡುತ್ತಾರೆ. ಪಟ್ಟಿ ಹೇಳುವುದು ಯಾರು ತೀರ್ಮಾನಿಸಬೇಕು ಎಂದಷ್ಟೇ. ತೀರ್ಮಾನಿಸುವವರಿಗೆ ಎರಡೂ ಕಡೆಯ ನಷ್ಟ ಕಾಣುವಂತೆ ಮಾಡುವುದು ಪಟ್ಟಿಯ ಕೆಲಸವಲ್ಲ, ನಡುವೆ ಕುಳಿತವನ ಕೆಲಸ. ಇಬ್ಬರಿಗೂ ಒಂದೇ ಮೇಲ್ ಬರೆದೆ. ಒಬ್ಬರಿಗೆ ಬರೆದು ಇನ್ನೊಬ್ಬರಿಗೆ ಪ್ರತಿ ಹಾಕುವುದಲ್ಲ, ಇಬ್ಬರ ಹೆಸರೂ ವಿಳಾಸದ ಸಾಲಿನಲ್ಲೇ. ಹೆಚ್ಚುಕಡಿಮೆ ಹೀಗಿತ್ತು:

“ಈ ಮಾಲು ಬಿಟ್ಟರೆ ಬಾಕಿ ಮಿತಿಗಿಂತ 20 ಲಕ್ಷ ಹೆಚ್ಚಾಗುತ್ತದೆ. ಹಳೆಯ ಬಾಕಿಯಲ್ಲಿ 60 ಲಕ್ಷ ಗಡುವು ಮೀರಿದೆ. ಬಿಡದಿದ್ದರೆ ಸೋಮವಾರದ ಮೊದಲ ಪಾಳಿ ನಿಲ್ಲುವ ಸಂಭವವಿದೆ. ಗ್ರಾಹಕರ ಮೇಲ್ ಲಗತ್ತಿಸಿದ್ದೇನೆ. ಲಾರಿ ಶನಿವಾರ ರಾತ್ರಿ 9ಕ್ಕೆ ಹೊರಟರೂ ಸಮಯಕ್ಕೆ ಮುಟ್ಟುತ್ತದೆ. ಗಡುವು ಮೀರಿದ್ದರಲ್ಲಿ ಅರ್ಧವನ್ನಾದರೂ ಇಂದು ಕೊಡಿಸಲು ಗ್ರಾಹಕರ ಖಾತೆ ವಿಭಾಗದೊಂದಿಗೆ ಮಾತನಾಡುತ್ತಿದ್ದೇನೆ. ಒಪ್ಪಿಗೆ ಸಿಎಫ್‌ಒ ಅವರದಾಗಬೇಕು. ರಾತ್ರಿ 9ರವರೆಗೆ ಉತ್ತರ ಬಾರದಿದ್ದರೆ ಲಾರಿಯನ್ನು ನಿಲ್ಲಿಸಿಕೊಂಡಿರುತ್ತೇನೆ.”

ಕೊನೆಯ ವಾಕ್ಯವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಮ್ಯಾಟ್ರಿಕ್ಸ್‌ನಲ್ಲಿ ಅತಿ ಹೆಚ್ಚು ಹಾನಿ ಮಾಡುವುದು ತಪ್ಪು ತೀರ್ಮಾನವಲ್ಲ, ಯಾರೂ ತೀರ್ಮಾನಿಸದೆ ಬಿಟ್ಟ ವಿಷಯ. ಉತ್ತರ ಬಾರದಿದ್ದರೆ ಏನಾಗುತ್ತದೆ ಎಂದು ಮೊದಲೇ ಹೇಳಿಟ್ಟರೆ, ಸುಮ್ಮನಿರುವುದೂ ಅವರ ತೀರ್ಮಾನವೇ ಆಗುತ್ತದೆ. ಹಾಗೆ ಹೇಳಿಡುವಾಗ ಹಿಂದಿರುಗಿಸಿಕೊಳ್ಳಬಹುದಾದ ದಾರಿಯನ್ನೇ ಆರಿಸಿಕೊಳ್ಳಬೇಕು. ನಿಂತ ಲಾರಿಯನ್ನು ಹತ್ತು ಗಂಟೆಗೂ ಬಿಡಬಹುದು. ಹೋದ ಮಾಲು ಗ್ರಾಹಕರ ಗೋದಾಮಿನಲ್ಲಿ ಇಳಿದ ಮೇಲೆ ನಮ್ಮ ಕೈಯಲ್ಲಿ ಉಳಿಯುವುದು ಬಿಲ್ ಮಾತ್ರ.

ಮೇಡಂ ಸಂಜೆಯೇ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: “ಪ್ಲಾಂಟ್ ಹೆಡ್ ಈ ಗ್ರಾಹಕರ ವಸೂಲಿಯ ಜವಾಬ್ದಾರಿ ತೆಗೆದುಕೊಳ್ಳುತ್ತಾರೆಯೇ?” ಅದನ್ನು ನನ್ನ ಮೂಲಕ ಕೇಳಬೇಡಿ, ನೀವಿಬ್ಬರೂ ಮಾತನಾಡಿ ಎಂದು ಇಬ್ಬರನ್ನೂ ಒಂದೇ ಕರೆಗೆ ಸೇರಿಸಿದೆ. ಈ ಒಂದು ವಿಷಯದಲ್ಲಿ ನಾನು ಹಠಮಾರಿ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವ ಕೆಲಸಕ್ಕೆ ಒಪ್ಪಿಕೊಂಡ ದಿನದಿಂದ ಇಬ್ಬರ ಸಿಟ್ಟೂ ನಮ್ಮ ಮೇಲೆಯೇ. ಕೋಣಗಳೆರಡು ಹೋರಾಡಿದರೆ ನಡುವಿನ ಗಿಡದ ಗತಿ ಏನೆಂದು ನಮ್ಮವರು ಎಂದೋ ಹೇಳಿಟ್ಟಿದ್ದಾರೆ. ಆ ಕರೆ ಎಂಟು ಹತ್ತು ನಿಮಿಷದಲ್ಲಿ ಮುಗಿಯಿತು. ಮೂವತ್ತು ಲಕ್ಷದ ಬದಲು ಸೋಮವಾರದ ಪಾಳಿಗೆ ಸಾಕಾಗುವಷ್ಟು, ಹದಿನೆಂಟು ಲಕ್ಷದ ಮಾಲು ಹೋಗಲಿ, ಉಳಿದದ್ದು ಹಣ ಬಂದ ಮೇಲೆ ಎಂದು ಇಬ್ಬರೂ ಒಪ್ಪಿದರು. ಲಾರಿಯನ್ನು ತುಂಡು ಮಾಡಲು ಬರುವುದಿಲ್ಲ ಎಂದು ನಾನು ಅಂದುಕೊಂಡಿದ್ದೆ. ಅದರೊಳಗಿನ ಪೆಟ್ಟಿಗೆಗಳನ್ನು ಇಳಿಸಬಹುದು ಎಂಬುದು ಹೊಳೆದದ್ದು ಪ್ಲಾಂಟ್ ಹೆಡ್ ಅವರಿಗೆ. ಹದಿನೆಂಟು ಸೇರಿದರೆ ಬಾಕಿ ಮಿತಿಗಿಂತ ಎಂಟು ಲಕ್ಷ ಹೆಚ್ಚು, ಅಂದರೆ ಪಟ್ಟಿಯ ಪ್ರಕಾರ ಅವರದೇ ಅಧಿಕಾರದೊಳಗೆ. ಅದನ್ನು ಅವರು ಲೆಕ್ಕ ಹಾಕಿಯೇ ಹೇಳಿದರೆಂದು ನನ್ನ ಅನುಮಾನ.

ಇಷ್ಟೆಲ್ಲ ಹೇಳಿದ ಮೇಲೆ ಇದರ ಮಿತಿಯನ್ನೂ ಹೇಳಬೇಕು. ಇದು ನಡೆದದ್ದು ಇಬ್ಬರೂ ಫೋನ್ ಎತ್ತುವವರಾಗಿದ್ದರಿಂದ. ಗಟ್ಟಿ ಗೆರೆ ಜರ್ಮನಿಗೋ ಅಮೆರಿಕಕ್ಕೋ ಹೋಗುವ ಕಂಪನಿಗಳಲ್ಲಿರುವ ಗೆಳೆಯರಿಗೆ ಶನಿವಾರ ಸಂಜೆ ಯಾರೂ ಸಿಗುವುದಿಲ್ಲ. ಅವರು ಹೆಚ್ಚಿನ ತೀರ್ಮಾನಗಳನ್ನು ಮೊದಲೇ ಬರೆಸಿಕೊಂಡಿರಬೇಕಾಗುತ್ತದೆ. ಇಬ್ಬರಲ್ಲಿ ಒಬ್ಬರು ಬರಹದಲ್ಲಿ ಏನನ್ನೂ ಹೇಳದೆ ಎಲ್ಲವನ್ನೂ ಬಾಯಲ್ಲೇ ಹೇಳುವವರಾದರೆ ಇನ್ನೂ ಕಷ್ಟ. ಅಂಥವರ ಮಾತನ್ನು ‘ಇಂದು ನೀವು ಹೇಳಿದಂತೆ’ ಎಂದು ಶುರುಮಾಡಿ ಎರಡು ಸಾಲಿನ ಮೇಲ್‌ನಲ್ಲಿ ಅವರಿಗೇ ಮರಳಿ ಕಳಿಸುವುದು ಬಿಟ್ಟರೆ ಬೇರೆ ಉಪಾಯ ನನಗೆ ಗೊತ್ತಿಲ್ಲ. ಆ ಎರಡು ಸಾಲು ಕಂಡು ಕೆಲವರು ಮಾತು ಬದಲಿಸುತ್ತಾರೆ.

ಆ ವರ್ಷದ ಮೌಲ್ಯಮಾಪನದಲ್ಲಿ ಪ್ಲಾಂಟ್ ಹೆಡ್ ನನ್ನ ಬಗ್ಗೆ ‘ಕಾರ್ಖಾನೆಯ ತುರ್ತಿಗೆ ಇನ್ನಷ್ಟು ಸ್ಪಂದಿಸಬೇಕು’ ಎಂದು ಬರೆದಿದ್ದರು. ಮುಂದಿನ ಫೆಬ್ರವರಿಯಲ್ಲಿ ಅವರೇ ಡಿಸ್ಪ್ಯಾಚ್ ವಿಭಾಗಕ್ಕೆ ಸೂಚನೆ ಕಳಿಸಿದರು: ಚಾಕಣದ ಮಾಲು ಮಾರ್ಚ್ 28ರೊಳಗೆ ಗೇಟು ದಾಟಬೇಕು.